ಕೊಡೋದು ಪೂರ್ತಿ ಫೋಟೋ, ಸಿಗೋದು ಕಾಲು ಮೆಗಾಪಿಕ್ಸೆಲ್

ನಮ್ಮ ಸ್ಟುಡಿಯೋಗೆ ಪ್ರಿಂಟ್‌ಗೆ ಬರುವ ಪಾಸ್‌ಪೋರ್ಟ್ ಫೋಟೋಗಳಲ್ಲಿ ಉಚಿತ ವೆಬ್‌ಸೈಟಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆಸಿಕೊಂಡು ಬಂದವು ಈಗ ಬಹಳ. ಪುಟ್ಟ ಮಕ್ಕಳದ್ದೇ ಜಾಸ್ತಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೋ ಅಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಗುವಿಗೆ ಮಾತ್ರ ಬಿಳಿ ಹಿನ್ನೆಲೆಯ ಫೋಟೋ ನಾವೇ ಒಯ್ಯಬೇಕು. ಮಗು ಸ್ಟುಡಿಯೋದಲ್ಲಿ ಸುಮ್ನೆ ಕೂರಲ್ಲ. ಹಾಗಾಗಿ ಮನೆಯಲ್ಲೇ ಮೊಬೈಲಿನಲ್ಲಿ ತೆಗೆದು, ಸೈಟಿಗೆ ಹಾಕಿ, ಬಂದದ್ದನ್ನು ತರುತ್ತಾರೆ. ಪ್ರಿಂಟ್ ಹಾಕಿದರೆ ಮುಖ ಮಸುಕು.

ಕಾರಣ ಲೆಕ್ಕದಲ್ಲಿದೆ. ಮೊಬೈಲಿನ ಫೋಟೋ ಸಾಮಾನ್ಯವಾಗಿ 3000 × 4000 ಪಿಕ್ಸೆಲ್, ಅಂದರೆ 12 ಮೆಗಾಪಿಕ್ಸೆಲ್. ಎಷ್ಟೋ ಸೈಟುಗಳು ದುಡ್ಡು ಕೊಡದವರಿಗೆ 0.25 ಮೆಗಾಪಿಕ್ಸೆಲ್ ಫೋಟೋ ಮಾತ್ರ ಡೌನ್‌ಲೋಡ್ ಮಾಡಲು ಬಿಡುತ್ತವೆ. ಅದು ಸುಮಾರು 433 × 577 ಪಿಕ್ಸೆಲ್. ಆ ಫೋಟೋದಲ್ಲಿ ಮಗುವಿನ ತಲೆ, ಭುಜ ಸೇರಿ ಅಗಲದ ಮೂರನೇ ಒಂದು ಭಾಗ ಇತ್ತು ಅಂದುಕೊಳ್ಳಿ. ಅಷ್ಟನ್ನೇ ಕತ್ತರಿಸಿದರೆ ಉಳಿಯುವುದು 144 ಪಿಕ್ಸೆಲ್ ಅಗಲ. 35 × 45 ಮಿಲಿಮೀಟರ್ ಫೋಟೋ ಚೆನ್ನಾಗಿ ಪ್ರಿಂಟ್ ಆಗಲು 413 × 531 ಪಿಕ್ಸೆಲ್ ಬೇಕು.

ಈಗ ಕೆಲಸದ ಕ್ರಮವನ್ನು ತಿರುಗಿಸಿ. ಮೊದಲು ಮೊಬೈಲಿನಲ್ಲೇ 35:45 ಅಳತೆಗೆ ಕ್ರಾಪ್ ಮಾಡಿ, ಆಮೇಲೆ ಅಪ್‌ಲೋಡ್ ಮಾಡಿ. ಅದೇ ಕಾಲು ಮೆಗಾಪಿಕ್ಸೆಲ್‌ನಲ್ಲಿ ಸುಮಾರು 441 × 567 ಸಿಗುತ್ತದೆ. ಪ್ರಿಂಟಿಗೆ ಸಾಕು.

ಈ ಕ್ರಾಪ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನಗೆ ಅದೇ ಮುಖ್ಯ. ಸೈಟು ನಿಮಗೆ ಕಾಲು ಮೆಗಾಪಿಕ್ಸೆಲ್ ಕೊಟ್ಟರೂ ನೀವು ಕಳಿಸಿದ್ದು ಪೂರ್ತಿ 12. ಮಂಚದ ಮೇಲಿದ್ದ ಆಸ್ಪತ್ರೆ ಫೈಲು, ಪಕ್ಕದಲ್ಲಿ ಕೂತಿದ್ದ ಅಕ್ಕನ ಮುಖ, ಗೋಡೆಯ ಮೇಲಿನ ಶಾಲೆಯ ಸರ್ಟಿಫಿಕೇಟು, ಎಲ್ಲವೂ ಅವರ ಸರ್ವರಿಗೆ ಹೋಗುತ್ತವೆ. ಪರದೆಯ ಮೇಲೆ ಹಿನ್ನೆಲೆ ಅಳಿಸಿ ಹೋದಂತೆ ಕಂಡರೂ ಮೂಲ ಫೋಟೋ ಅಲ್ಲಿಗೆ ತಲುಪಿಯಾಗಿದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಮನೆ ಎಲ್ಲಿದೆ ಅನ್ನುವುದೂ ಫೈಲಿನೊಳಗೆ ಇರುತ್ತದೆ. ಕೆಲವು ಮೊಬೈಲುಗಳು ಕಳಿಸುವಾಗ ಅದನ್ನು ತೆಗೆದುಹಾಕುತ್ತವೆ. ಕಂಪ್ಯೂಟರಿನಿಂದ ಹಾಕಿದರೆ ಫೈಲು ಸಾಮಾನ್ಯವಾಗಿ ಇದ್ದ ಹಾಗೇ ಹೋಗುತ್ತದೆ. ಕ್ರಾಪ್ ಮಾಡಿದ ಫೋಟೋದ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮತ್ತೆ 35:45ಕ್ಕೆ ಕ್ರಾಪ್ ಮಾಡಿ ಕಳಿಸಿದರೆ ಲೊಕೇಶನ್ ಜೊತೆಗೆ ಹೋಗುವುದಿಲ್ಲ.

'ಒಂದು ಗಂಟೆಯಲ್ಲಿ ಅಳಿಸುತ್ತೇವೆ' ಅಂತ ಬರೆದಿರುವ ಸೈಟುಗಳಿವೆ. ಅಳಿಸಿದರೋ ಇಲ್ಲವೋ ನಮಗೆ ಹೊರಗಿನಿಂದ ತಿಳಿಯುವುದಿಲ್ಲ. ಷರತ್ತುಗಳ ಪುಟದಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ, ತಮ್ಮ ಸಾಫ್ಟ್‌ವೇರ್‌ಗೆ ಕಲಿಸಲು ಬಳಸುತ್ತಾರಾ ಅನ್ನುವ ಎರಡನ್ನು ಹುಡುಕಿ. ಎರಡೂ ಸಿಗದಿದ್ದರೆ ಮಗುವಿನ ಫೋಟೋ ಅಲ್ಲಿಗೆ ಹಾಕಬೇಡಿ.

ಕೆಲವು ಸೈಟುಗಳು ಫೋಟೋವನ್ನು ಎಲ್ಲಿಗೂ ಕಳಿಸದೆ ಬ್ರೌಸರಿನೊಳಗೇ ಕೆಲಸ ಮುಗಿಸುತ್ತವೆ. ಇದನ್ನು ಪರೀಕ್ಷೆ ಮಾಡಬಹುದು. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಸೈಟು ತೆರೆದು, ಹೂಕುಂಡದ್ದೋ ಚಪ್ಪಲಿಯದ್ದೋ ಫೋಟೋ ಹಾಕಿ ಒಮ್ಮೆ ನಡೆಸಿ. ಆಮೇಲೆ ನೆಟ್ ಆಫ್ ಮಾಡಿ ನಿಮ್ಮ ಫೋಟೋ ಹಾಕಿ. ಆಗಲೂ ಬ್ಯಾಕ್‌ಗ್ರೌಂಡ್ ಹೋದರೆ ಕೆಲಸ ನಿಮ್ಮ ಯಂತ್ರದಲ್ಲೇ ಆಗುತ್ತಿದೆ. ಸೇವ್ ಮಾಡಿ, ಇನ್‌ಕಾಗ್ನಿಟೋ ಕಿಟಕಿಗಳನ್ನೆಲ್ಲ ಮುಚ್ಚಿ, ಆಮೇಲೆ ನೆಟ್ ಆನ್ ಮಾಡಿ.

ಸೈಟಿಲ್ಲದೆಯೂ ಆಗುತ್ತದೆ. ಐಒಎಸ್ 16 ಅಥವಾ ಅದರ ನಂತರದ್ದು ಇರುವ, ತೀರಾ ಹಳೆಯದಲ್ಲದ ಐಫೋನಿನಲ್ಲಿ ಫೋಟೋದಲ್ಲಿರುವ ವ್ಯಕ್ತಿಯ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆಯುವ rembg ಅನ್ನುವ ಪ್ರೋಗ್ರಾಮನ್ನು ಹೀಗೆ ಹಾಕಿಕೊಂಡು ನಡೆಸಿ:

```
pip install "rembg[cpu,cli]"
rembg i magu.jpg magu.png
```

ಮೊದಲ ಸಲ ಒಂದು ದೊಡ್ಡ ಫೈಲು ಡೌನ್‌ಲೋಡ್ ಆಗುತ್ತದೆ. ಆಮೇಲೆ ನೆಟ್ ಬೇಡ, ಪಿಕ್ಸೆಲ್ ಕಡಿತವೂ ಇಲ್ಲ.

ಆದರೆ ಸೈಟುಗಳಲ್ಲಿ ಆಗುವ ಹಾಗೆ ಕೂದಲು, ಒಡವೆಯ ಅಂಚು ಕೆಡುವ ತೊಂದರೆ ಇಲ್ಲೂ ಇದೆ. ಇಂಥ ಎಷ್ಟೋ ಪ್ರೋಗ್ರಾಮುಗಳು ಫೋಟೋವನ್ನು ಒಳಗೆ ಚಿಕ್ಕದು ಮಾಡಿ, ಅದರಲ್ಲಿ ಮನುಷ್ಯನ ಆಕಾರ ಗುರುತಿಸಿ, ಆ ಗುರುತನ್ನು ಮತ್ತೆ ಹಿಗ್ಗಿಸುತ್ತವೆ. rembg ಮಾಮೂಲಾಗಿ ಬಳಸುವ ಮಾಡೆಲ್ ನೋಡುವುದು 320 × 320 ಪಿಕ್ಸೆಲ್ ಮಾತ್ರ. ಅಷ್ಟರಲ್ಲಿ ಮಗುವಿನ ತೆಳು ಕೂದಲು ಕಾಣುವುದೇ ಇಲ್ಲ. ಬಿಳಿ ಗೋಡೆಯ ಮುಂದೆ ಅಮ್ಮ ಮುಡಿದ ಮಲ್ಲಿಗೆಯಲ್ಲಿ ಅರ್ಧ ಗೋಡೆಯ ಜೊತೆಗೇ ಹೋಗುತ್ತದೆ. ಜುಮುಕಿಯ ಸಂದಿಯಲ್ಲಿ ಹಳೆಯ ಹಿನ್ನೆಲೆ ಉಳಿದುಬಿಡುತ್ತದೆ. ಬಿಳಿ ಹಿನ್ನೆಲೆಯಲ್ಲಿ ಇದೆಲ್ಲ ಕಣ್ಣಿಗೆ ಬೀಳುವುದು ಕಷ್ಟ. ಹಿನ್ನೆಲೆ ತೆಗೆದ ಫೋಟೋದ ಹಿಂದೆ ಗಾಢ ಕೆಂಪು ಬಣ್ಣ ಇಟ್ಟು, ದೊಡ್ಡದು ಮಾಡಿ, ಕಿವಿ ಮತ್ತು ತಲೆಯ ಸುತ್ತ ನೋಡಿ. ಹೋದ ಕೂದಲನ್ನು ಮೂಲ ಫೋಟೋದಿಂದ ಬ್ರಷ್ಷಿನಲ್ಲಿ ಕೈಯಾರೆ ತರಬೇಕು. ಅದಕ್ಕೇ ಮೂಲ ಫೈಲನ್ನು ಅಳಿಸಬೇಡಿ.

ಪಾಸ್‌ಪೋರ್ಟಿಗೆ ನಾನು ಹೇಳುವುದು ಇದು ಯಾವುದೂ ಅಲ್ಲ. ಕಿಟಕಿ ಬೆಳಕು ಬೀಳುವ ಕಡೆ ಬಿಳಿ ಪಂಚೆ ಹಾಸಿ, ಸುಕ್ಕು ಎಳೆದು, ಮಗುವನ್ನು ಮಲಗಿಸಿ ಮೇಲಿನಿಂದ ಫೋಟೋ ತೆಗೆಯಿರಿ. ನಿಮ್ಮ ನೆರಳು ಮುಖದ ಮೇಲೆ ಬೀಳದಂತೆ ನಿಲ್ಲಿ. ಅಮೆರಿಕದ ವೀಸಾಕ್ಕಂತೂ ಕಂಪ್ಯೂಟರಿನಲ್ಲಿ ತಿದ್ದಿದ ಫೋಟೋ ನಡೆಯುವುದಿಲ್ಲ, ಅಲ್ಲಿಗೆ ಈ ಪಂಚೆಯೇ ದಾರಿ.