ಒಂದು ಟನ್ ಕಲ್ಲಿದ್ದಲು ತನ್ನ ಖರ್ಚು ಕಳೆದು ಏನು ಉಳಿಸುತ್ತದೆ?

ಕಲ್ಲಿದ್ದಲು ಗಣಿಯಲ್ಲಿ ಕರೆಂಟ್ ಇಲ್ಲದೆ ಕೆಲಸ ಸಾಗುವುದಿಲ್ಲ. ನೀರೆತ್ತುವ ಪಂಪು, ಕನ್ವೇಯರ್ ಬೆಲ್ಟು, ಸುರಂಗಕ್ಕೆ ಗಾಳಿ ಊದುವ ಫ್ಯಾನು, ಎಲ್ಲಕ್ಕೂ ಕರೆಂಟ್ ಬೇಕು. ಆ ಕರೆಂಟ್ ಹೆಚ್ಚಾಗಿ ಬರುವುದು ಕಲ್ಲಿದ್ದಲು ಸುಡುವ ಸ್ಥಾವರದಿಂದ. ಇದನ್ನು ತೆಗೆಯಲು ಅದು ಬೇಕು, ಅದನ್ನು ಮಾಡಲು ಇದು ಬೇಕು. ಹೀಗೆ ಎರಡೂ ಒಂದನ್ನೊಂದು ತಿನ್ನುತ್ತಾ ಹೋದರೆ ಮನೆಯ ದೀಪಕ್ಕೆ ಏನಾದರೂ ಉಳಿಯುತ್ತದೆಯೇ?

ಯಾವ ವಲಯ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂದು ಬರೆದಿಡುವ ಹೂಡುವಳಿ-ಹುಟ್ಟುವಳಿ ಪಟ್ಟಿಗಳ ಜೊತೆ ಕೆಲಸ ಮಾಡುವ ನನ್ನಂಥವರು ಈ ಪ್ರಶ್ನೆಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಹುಡುಕುತ್ತೇವೆ. ಒಂದೊಂದು ಮಾಲನ್ನು ಒಂದು ಅಳತೆಯಷ್ಟು ಮಾಡಲು ಯಾವುದು ಎಷ್ಟು ಬೇಕು ಎಂದು ಹೇಳುವ ಬಳಕೆ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಐಗನ್ ಮೌಲ್ಯ ಒಂದಕ್ಕಿಂತ ಕಡಿಮೆ ಇದೆಯೇ, ಇಲ್ಲವೇ? ಕಡಿಮೆ ಇದ್ದರೆ ಆ ಅರ್ಥವ್ಯವಸ್ಥೆ ತನ್ನ ಹೊಟ್ಟೆ ತುಂಬಿಸಿಕೊಂಡ ಮೇಲೂ ಹೊರಗೆ ಕೊಡಬಲ್ಲದು. ಇಲ್ಲದಿದ್ದರೆ ಕೊಡಲಾರದು. ಈ ಪಟ್ಟಿಯ ವಿಧಾನವನ್ನು ಕಟ್ಟಿದವರು ವಾಸಿಲಿ ಲಿಯೊಂಟಿಫ್. 1973ರಲ್ಲಿ ಅವರಿಗೆ ನೊಬೆಲ್ ಸಿಕ್ಕಿದ್ದು ಇದಕ್ಕೇ. ಅವರ ಪಟ್ಟಿಯಲ್ಲಿ ಹತ್ತಾರು ವಲಯಗಳಿದ್ದವು. ನಮಗೆ ಇವತ್ತು ಎರಡು ಸಾಕು.

ಸುಲಭ ಅಂಕಿಗಳನ್ನು ಇಟ್ಟುಕೊಳ್ಳೋಣ. ಸಾವಿರ ಯೂನಿಟ್ ಕರೆಂಟ್ ಮಾಡಲು 0.8 ಟನ್ ಕಲ್ಲಿದ್ದಲು ಬೇಕು. ಅದೇ ಸಾವಿರ ಯೂನಿಟ್‌ಗೆ ಸ್ಥಾವರ ತನ್ನ ಪಂಪು, ಪುಡಿ ಮಾಡುವ ಯಂತ್ರಗಳಿಗೆ ನೂರು ಯೂನಿಟ್ ತಾನೇ ಬಳಸುತ್ತದೆ. ಒಂದು ಟನ್ ಕಲ್ಲಿದ್ದಲು ತೆಗೆಯಲು 25 ಯೂನಿಟ್ ಬೇಕು. ಗಣಿ ತನ್ನ ಕಲ್ಲಿದ್ದಲನ್ನು ತಾನೇ ಸುಡುವುದಿಲ್ಲ. ಇವು ಲೆಕ್ಕ ಹಗುರವಾಗಲಿ ಅಂತ ನಾನು ಆರಿಸಿದ ಅಂಕಿಗಳು. ಕಲ್ಲಿದ್ದಲನ್ನು ಟನ್‌ನಲ್ಲಿ, ಕರೆಂಟನ್ನು ಸಾವಿರ ಯೂನಿಟ್‌ನಲ್ಲಿ ಅಳೆದರೆ ಬಳಕೆ ಮ್ಯಾಟ್ರಿಕ್ಸ್ ಹೀಗಿರುತ್ತದೆ:

```
A = | 0      0.8 |
    | 0.025  0.1 |
```

ಒಂದೊಂದು ಕಂಬಸಾಲೂ ಒಂದೊಂದು ವಲಯದ ಅಡುಗೆ ಪಟ್ಟಿ ಇದ್ದ ಹಾಗೆ. ಮೊದಲನೆಯದು ಗಣಿಯದು, ಎರಡನೆಯದು ಸ್ಥಾವರದ್ದು.

ಈಗ ಊರಿನವರು ಒಂದು ಲಕ್ಷ ಯೂನಿಟ್ ಕರೆಂಟ್ ಕೇಳಿದರು ಅನ್ನಿ. ಅದನ್ನು ಮಾಡಲು 80 ಟನ್ ಕಲ್ಲಿದ್ದಲು, ಜೊತೆಗೆ ಸ್ಥಾವರದ ಸ್ವಂತ ಬಳಕೆಗೆ 10,000 ಯೂನಿಟ್ ಬೇಕು. ಇದು ಮೊದಲ ಸುತ್ತು. ಆದರೆ ಆ 80 ಟನ್ ತೆಗೆಯಲು 2,000 ಯೂನಿಟ್ ಬೇಕಲ್ವಾ? ಆ 10,000 ಯೂನಿಟ್ ಮಾಡಲು ಮತ್ತೆ 8 ಟನ್, ಮತ್ತೆ 1,000 ಯೂನಿಟ್. ಹಾಗಾಗಿ ಎರಡನೇ ಸುತ್ತಿಗೆ 8 ಟನ್, 3,000 ಯೂನಿಟ್. ಮೂರನೆಯದಕ್ಕೆ 2.4 ಟನ್, 500 ಯೂನಿಟ್. ನಾಲ್ಕನೆಯದಕ್ಕೆ 0.4 ಟನ್, 110 ಯೂನಿಟ್. ಸುತ್ತು ಮುಗಿಯುವುದೇ ಇಲ್ಲ, ಆದರೆ ಪ್ರತಿ ಸಲ ಕರಗುತ್ತಾ ಹೋಗುತ್ತದೆ. ಎಲ್ಲ ಕೂಡಿದರೆ ಸುಮಾರು 1,13,636 ಯೂನಿಟ್ ಮತ್ತು 91 ಟನ್. ಊರಿಗೆ ಲಕ್ಷ ಯೂನಿಟ್ ಕೊಡಲು ನಿಜಕ್ಕೂ ಮಾಡಬೇಕಾದದ್ದು ಇಷ್ಟು.

ಎಷ್ಟು ವೇಗವಾಗಿ ಕರಗುತ್ತದೆ? ಮೇಲಿನ ಅಂಕಿಗಳನ್ನು ನೋಡಿ. ಮೊದಲು ಏರುಪೇರು ಇದೆ. ಕಲ್ಲಿದ್ದಲು 80ರಿಂದ 8ಕ್ಕೆ ಇಳಿಯಿತು, ಅಂದರೆ ಹತ್ತನೇ ಒಂದು. ಆಮೇಲೆ ಅಷ್ಟು ಜೋರಾಗಿ ಇಳಿಯಲಿಲ್ಲ. ಹತ್ತು ಸುತ್ತು ಮುಂದೆ ಹೋದರೆ ಪ್ರತಿ ಸುತ್ತೂ ಹಿಂದಿನದರ ಐದನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ಆ 0.2 ಈ ಮ್ಯಾಟ್ರಿಕ್ಸ್‌ನ ದೊಡ್ಡ ಐಗನ್ ಮೌಲ್ಯ.

ಏರುಪೇರೇ ಇಲ್ಲದೆ ಇಳಿಯುವ ಒಂದು ಹದವೂ ಇದೆ. ಊರಿನವರು ಬರೀ ಕರೆಂಟ್ ಕೇಳದೆ 400 ಟನ್ ಕಲ್ಲಿದ್ದಲು ಮತ್ತು ಒಂದು ಲಕ್ಷ ಯೂನಿಟ್ ಕೇಳಲಿ. ಮೊದಲ ಸುತ್ತಿಗೆ 80 ಟನ್, 20,000 ಯೂನಿಟ್. ಎರಡನೆಯದಕ್ಕೆ 16 ಟನ್, 4,000 ಯೂನಿಟ್. ಹದ ಬದಲಾಗಲೇ ಇಲ್ಲ, ಬರೀ ಐದನೇ ಒಂದಾಯಿತು. ಸಾವಿರ ಯೂನಿಟ್‌ಗೆ ನಾಲ್ಕು ಟನ್ ಅನ್ನುವ ಈ ಹದವೇ ಐಗನ್ ವೆಕ್ಟರ್. ಜರ್ಮನ್‌ನಲ್ಲಿ ಐಗನ್ ಅಂದರೆ ‘ತನ್ನದೇ’ ಎಂದು. ಈ ಮ್ಯಾಟ್ರಿಕ್ಸ್‌ಗೆ ತನ್ನದೇ ಆದ ಹದ ಇದು. ಎಲ್ಲೂ ಮೈನಸ್ ಇಲ್ಲದ ಮ್ಯಾಟ್ರಿಕ್ಸ್‌ಗೆ ಇಂಥದ್ದೊಂದು ಹದ ಇದ್ದೇ ಇರುತ್ತದೆ ಎಂದು ಪೆರಾನ್ ಮತ್ತು ಫ್ರೊಬೇನಿಯಸ್ 20ನೇ ಶತಮಾನದ ಶುರುವಿನಲ್ಲೇ ತೋರಿಸಿದ್ದರು.

ಈಗ ಗಣಿ ಆಳವಾಗುತ್ತಾ ಹೋಗಲಿ. ಒಂದು ಟನ್ ತೆಗೆಯಲು ಬೇಕಾದ ಕರೆಂಟ್ 25 ಯೂನಿಟ್‌ನಿಂದ ಏರುತ್ತಾ ಹೋಗಲಿ. ಎಲ್ಲಿಯವರೆಗೆ ತಾಳಬಹುದು? ಇದನ್ನು ಮ್ಯಾಟ್ರಿಕ್ಸ್ ಇಲ್ಲದೆಯೇ ಹೇಳಬಹುದು. ಒಂದು ಟನ್ ಸುಟ್ಟರೆ 1,250 ಯೂನಿಟ್ ಹುಟ್ಟುತ್ತದೆ. ಅದರಲ್ಲಿ ಹತ್ತನೇ ಒಂದನ್ನು ಸ್ಥಾವರವೇ ತಿನ್ನುತ್ತದೆ. ಉಳಿದದ್ದು 1,125. ಟನ್ ತೆಗೆಯಲೂ ಅಷ್ಟೇ ಬೇಕಾದರೆ ಕೈಗೆ ಸೊನ್ನೆ. ಸರಿಯಾಗಿ ಆ 1,125ರಲ್ಲಿ ಲೆಕ್ಕ ಹಾಕಿ ನೋಡಿ, ದೊಡ್ಡ ಐಗನ್ ಮೌಲ್ಯ ಒಂದು ಬರುತ್ತದೆ. ‘ಒಂದಕ್ಕಿಂತ ಕಡಿಮೆ’ ಅನ್ನುವ ಮಾತಿನ ಒಳಗಿರುವುದು ಇದೇ ಸಾದಾ ಲೆಕ್ಕ.

ಆ ಗಡಿಯ ಹತ್ತಿರ ಏನಾಗುತ್ತದೆ ಅನ್ನುವುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಮಾಡಿಸುತ್ತೇನೆ. ಟನ್‌ಗೆ 1,000 ಯೂನಿಟ್ ಇಡಿ. ಐಗನ್ ಮೌಲ್ಯ ಸುಮಾರು 0.946. ಒಂದಕ್ಕಿಂತ ಕಡಿಮೆಯೇ, ಹಾಗಾಗಿ ವ್ಯವಸ್ಥೆ ಉತ್ಪಾದಕವೇ. ಆದರೆ ಊರಿಗೆ ಒಂದು ಲಕ್ಷ ಯೂನಿಟ್ ಕೊಡಲು ಸ್ಥಾವರ ಹತ್ತು ಲಕ್ಷ ಯೂನಿಟ್ ಮಾಡಬೇಕು. ಒಂಬತ್ತು ಲಕ್ಷ ಒಳಗೇ ಸುತ್ತುತ್ತಿರುತ್ತದೆ. ಅಷ್ಟು ಯಂತ್ರ ಇದೆಯೇ, ಜನ ಇದ್ದಾರೆಯೇ ಎಂದು ಈ ಮಾದರಿ ಕೇಳುವುದೇ ಇಲ್ಲ.

ಗಡಿ ದಾಟಿಸಿ 1,200 ಇಡಿ. ಐಗನ್ ಮೌಲ್ಯ 1.03ರ ಆಸುಪಾಸು. ಮೊದಲಿನ ಏರುಪೇರು ಕಳೆದ ಮೇಲೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ಜಾಸ್ತಿ ಕೇಳುತ್ತದೆ, ಕೂಡಿಸಿದರೆ ಮೊತ್ತ ನಿಲ್ಲುವುದಿಲ್ಲ. ಆದರೆ ಸುತ್ತುಗಳನ್ನು ಬಿಟ್ಟು ನೇರವಾಗಿ ಸಮೀಕರಣ ಬಿಡಿಸಿದರೆ ಕಂಪ್ಯೂಟರ್ ಒಂದು ಉತ್ತರ ಕೊಟ್ಟೇಬಿಡುತ್ತದೆ: ಮೈನಸ್ 16,66,667 ಯೂನಿಟ್! ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಎರಡು ವಲಯ ಇದ್ದಾಗ ಮೈನಸ್ ಕಣ್ಣಿಗೆ ಹೊಡೆಯುತ್ತದೆ. ನೂರಾರು ವಲಯ ಇದ್ದಾಗ ಯಾವುದೋ ಮೂಲೆಯಲ್ಲಿ ಅಡಗಿರುತ್ತದೆ. ಆದ್ದರಿಂದ ಉತ್ತರ ಓದುವ ಮೊದಲೇ ಐಗನ್ ಮೌಲ್ಯ ನೋಡಿಕೊಳ್ಳಬೇಕು.

```
import numpy as np
A = np.array([[0, 0.8], [0.025, 0.1]])
print(max(abs(np.linalg.eigvals(A))))
```

ಅದನ್ನು ಬಿಟ್ಟು ಕಂಬಸಾಲಿನ ಮೊತ್ತ ನೋಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಪಟ್ಟಿ ರೂಪಾಯಿಯಲ್ಲಿದ್ದರೆ ಸಾಕು. ಒಂದು ರೂಪಾಯಿ ಮಾಲು ಮಾಡಲು ಕೊಂಡದ್ದೆಲ್ಲ ಸೇರಿ ಒಂದು ರೂಪಾಯಿಗಿಂತ ಕಡಿಮೆ ಇದ್ದು, ಎಲ್ಲ ವಲಯದಲ್ಲೂ ಕೂಲಿ, ಲಾಭಕ್ಕೆ ಏನಾದರೂ ಉಳಿದರೆ ಐಗನ್ ಮೌಲ್ಯ ತಾನಾಗಿಯೇ ಒಂದರ ಕೆಳಗಿರುತ್ತದೆ. ಟನ್ನು, ಯೂನಿಟ್ಟುಗಳ ಪಟ್ಟಿಯಲ್ಲಿ ಆ ಮೊತ್ತಕ್ಕೆ ಅರ್ಥವೇ ಇಲ್ಲ. ನಮ್ಮ ಸ್ಥಾವರದ ಮೊತ್ತ 0.9. ಕಲ್ಲಿದ್ದಲನ್ನು ಕೆಜಿಯಲ್ಲಿ ಅಳೆದರೆ ಅದೇ ಮೊತ್ತ 800.1 ಆಗುತ್ತದೆ. ಗಣಿ ಅದೇ, ಸ್ಥಾವರವೂ ಅದೇ. ಐಗನ್ ಮೌಲ್ಯ ಮಾತ್ರ ಎರಡರಲ್ಲೂ 0.2, ಕದಲುವುದಿಲ್ಲ. ನನಗೆ ಈ ಸಂಖ್ಯೆಯ ಮೇಲೆ ಪ್ರೀತಿ ಬಂದದ್ದು ಇದಕ್ಕೇ. ನಾವು ಯಾವ ಅಳತೆ ಹಿಡಿದರೂ ಅದು ವ್ಯವಸ್ಥೆಯ ಬಗ್ಗೆಯೇ ಮಾತಾಡುತ್ತದೆ.

ಆದರೆ ಇದೇ ಗುಣ ಒಮ್ಮೆ ನನ್ನನ್ನು ದಾರಿ ತಪ್ಪಿಸಿತು. ವರ್ಷಗಳ ಹಿಂದೆ ಒಂದು ಪಟ್ಟಿಯಿಂದ ಬಳಕೆ ಮ್ಯಾಟ್ರಿಕ್ಸ್ ಮಾಡುವಾಗ, ಕೊಂಡ ವಲಯದ ಒಟ್ಟು ಉತ್ಪನ್ನದಿಂದ ಭಾಗಿಸುವ ಬದಲು ಮಾರಿದ ವಲಯದ ಒಟ್ಟು ಉತ್ಪನ್ನದಿಂದ ಭಾಗಿಸಿದ್ದೆ. ಐಗನ್ ಮೌಲ್ಯ ನೋಡಿದೆ, ಒಂದಕ್ಕಿಂತ ಕಡಿಮೆ ಇತ್ತು. ಪಟ್ಟಿ ಸರಿ ಇದೆ ಎಂದುಕೊಂಡೆ. ವಾರಗಟ್ಟಲೆ ತಪ್ಪು ಅಂಕಿಗಳ ಮೇಲೆ ಕೆಲಸ ಮಾಡಿದೆ.

ನಮ್ಮ ಚಿಕ್ಕ ಉದಾಹರಣೆಯಲ್ಲೇ ಇದನ್ನು ನೋಡಬಹುದು. 400 ಟನ್ ಮತ್ತು ಲಕ್ಷ ಯೂನಿಟ್ ಬೇಡಿಕೆಗೆ ಒಟ್ಟು ಉತ್ಪನ್ನ 500 ಟನ್, 1,25,000 ಯೂನಿಟ್. ಸ್ಥಾವರಕ್ಕೆ ಹೋದದ್ದು 100 ಟನ್. ಅದನ್ನು 125ರಿಂದ ಭಾಗಿಸಿದರೆ ಸರಿಯಾದ 0.8. ತಪ್ಪಿ 500ರಿಂದ ಭಾಗಿಸಿದರೆ 0.2. ಅದೇ ರೀತಿ ಗಣಿಯ 0.025 ಹೋಗಿ 0.1 ಆಗುತ್ತದೆ. ಒಂದು ನಾಲ್ಕು ಪಟ್ಟು ಇಳಿಯಿತು, ಇನ್ನೊಂದು ನಾಲ್ಕು ಪಟ್ಟು ಏರಿತು, ಎರಡರ ಗುಣಲಬ್ಧ ಅಷ್ಟೇ ಉಳಿಯಿತು. ಐಗನ್ ಮೌಲ್ಯ ಈಗಲೂ 0.2! ಎರಡೇ ವಲಯ ಅಂತಲ್ಲ, ಎಷ್ಟು ವಲಯ ಇದ್ದರೂ ಈ ತಪ್ಪನ್ನು ಐಗನ್ ಮೌಲ್ಯ ಹಿಡಿಯುವುದಿಲ್ಲ. ಅಡ್ಡಸಾಲು, ಕಂಬಸಾಲು ಅದಲುಬದಲಾದರೂ ಅಷ್ಟೇ.

ಹಿಡಿಯುವ ದಾರಿ ಬೇರೆ ಇದೆ. ಒಟ್ಟು ಉತ್ಪನ್ನವನ್ನು ಮ್ಯಾಟ್ರಿಕ್ಸ್‌ನಿಂದ ಗುಣಿಸಿ ಬಂದದ್ದನ್ನು ಅದೇ ಉತ್ಪನ್ನದಿಂದ ಕಳೆಯಬೇಕು. ಹೊರಗಿನ ಬೇಡಿಕೆ ಹಾಗೇ ವಾಪಸ್ ಬರಬೇಕು. ಸರಿಯಾದ ಮ್ಯಾಟ್ರಿಕ್ಸ್‌ನಲ್ಲಿ 400 ಟನ್ ಬರುತ್ತದೆ, ತಪ್ಪಿನದರಲ್ಲಿ 475. ಈಗ ನಾನು ಇದನ್ನು ಮಾಡದೆ ಐಗನ್ ಮೌಲ್ಯದ ಕಡೆಗೆ ಹೋಗುವುದೇ ಇಲ್ಲ.

ಕರ್ನಾಟಕದ ಪಟ್ಟಿ ಮಾಡುವಾಗ ಇನ್ನೊಂದು ವಿಷಯ ಎದುರಾಗುತ್ತದೆ. ನಮ್ಮಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ರಾಜ್ಯದ ಒಳಗಿನ ಬಳಕೆಯನ್ನು ಮಾತ್ರ ಬರೆದರೆ ಕಲ್ಲಿದ್ದಲಿನ ಅಡ್ಡಸಾಲು ಖಾಲಿ. ನಮ್ಮ ಎರಡು ವಲಯದ ಲೆಕ್ಕದಲ್ಲಿ ಉಳಿಯುವುದು ಸ್ಥಾವರದ ಸ್ವಂತ ಬಳಕೆ ಮಾತ್ರ, ಐಗನ್ ಮೌಲ್ಯ 0.1. ಅರ್ಧಕ್ಕರ್ಧ ಇಳಿಯಿತು! ಹಾಗಂತ ರಾಯಚೂರಿನಲ್ಲಿ ಒಂದು ಕೆಜಿ ಕಲ್ಲಿದ್ದಲೂ ಉಳಿತಾಯ ಆಗಿಲ್ಲ. ಸುತ್ತು ರಾಜ್ಯದ ಗಡಿಯಲ್ಲಿ ಕತ್ತರಿಸಿಹೋಯಿತು, ಅದರ ಉಳಿದರ್ಧ ಗಣಿ ಇರುವ ರಾಜ್ಯದ ಪಟ್ಟಿಯಲ್ಲಿದೆ. ಆದ್ದರಿಂದ ಎರಡು ರಾಜ್ಯಗಳ ಐಗನ್ ಮೌಲ್ಯ ಹೋಲಿಸಿ ಯಾವುದು ಮಿತವ್ಯಯಿ ಎಂದು ಯಾರಾದರೂ ಹೇಳಿದರೆ, ಆಮದನ್ನು ಪಟ್ಟಿಯ ಒಳಗೆ ಇಟ್ಟಿದ್ದಾರೋ ಹೊರಗೆ ಇಟ್ಟಿದ್ದಾರೋ ಎಂದು ನಾನು ಮೊದಲು ಕೇಳುತ್ತೇನೆ.