ಬೋರ್ಡಿಗೆ ಬಾರದ ನ್ಯೂಟ್ರಲ್

ಗೋಡೆಯ ಮೇಲಿನ ಹಳೆಯ ಸ್ವಿಚ್ ತನಗಾಗಿ ಒಂದು ತೊಟ್ಟು ಕರೆಂಟನ್ನೂ ಬಳಸುವುದಿಲ್ಲ. ಅದರೊಳಗೆ ಇರುವುದು ಲೋಹದ ಎರಡು ತುದಿ, ಒಂದು ಸ್ಪ್ರಿಂಗ್, ಅಷ್ಟೇ. ಒತ್ತಿದರೆ ತುದಿಗಳು ಕೂಡುತ್ತವೆ, ಮತ್ತೆ ಒತ್ತಿದರೆ ಬಿಡುತ್ತವೆ. ಹಾಗಾಗಿ ಅದಕ್ಕೆ ಎರಡೇ ವೈರು ಸಾಕು: ಒಂದರಲ್ಲಿ ಫೇಸ್ ಬರುತ್ತದೆ, ಇನ್ನೊಂದರಲ್ಲಿ ಬಲ್ಬಿನ ಕಡೆ ಹೋಗುತ್ತದೆ. ಬಲ್ಬಿನ ಆಚೆ ತುದಿಗೆ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವೈರು, ಯಾವ ದಾರಿಯಲ್ಲಿ ಬಂತು ಎಂಬುದು ಸ್ವಿಚ್ಚಿಗೆ ಬೇಡದ ಊರಿನ ದಾರಿ.

ಸ್ಮಾರ್ಟ್ ಸ್ವಿಚ್ಚಿನ ಕತೆ ಬೇರೆ. ಅದರೊಳಗೆ ಒಂದು ಚಿಪ್ಪು, ಒಂದು ವೈಫೈ ರೇಡಿಯೋ, ದೀಪದ ಕರೆಂಟನ್ನು ಕೂಡಿಸಿ ಕಡಿಯುವ ಒಂದು ರಿಲೇ ಇರುತ್ತವೆ. ದೀಪ ಆರಿದ್ದಾಗಲೂ ರೇಡಿಯೋ ಎಚ್ಚರವಾಗಿಯೇ ಇರಬೇಕು. ಇಲ್ಲವಾದರೆ ಫೋನಿನಿಂದ ಹೋದ ಸೂಚನೆಯನ್ನು ಕೇಳಿಸಿಕೊಳ್ಳುವವರು ಯಾರು? ಇದಕ್ಕೆಲ್ಲ ಬೇಕಾಗುವುದು ಹೆಚ್ಚೆಂದರೆ ಒಂದು ವ್ಯಾಟ್. ಆದರೆ ಆ ಒಂದು ವ್ಯಾಟ್ ದಿನವಿಡೀ ಬೇಕು, ಮತ್ತು ಅದು ಹರಿಯಲು ಫೇಸಿನಿಂದ ಹೊರಟ ಕರೆಂಟಿಗೆ ನ್ಯೂಟ್ರಲಿನವರೆಗೆ ಪೂರ್ತಿ ದಾರಿ ಬೇಕು. ಸ್ಮಾರ್ಟ್ ಸ್ವಿಚ್ ನ್ಯೂಟ್ರಲ್ ಕೇಳುವುದು ದೀಪಕ್ಕಾಗಿ ಅಲ್ಲ, ತನ್ನ ಸ್ವಂತ ಖರ್ಚಿಗೆ.

ಅಮೆರಿಕದ ವೈರಿಂಗ್ ನಿಯಮಾವಳಿ 2011ರ ಆವೃತ್ತಿಯಿಂದ ದೀಪದ ಸ್ವಿಚ್ ಪೆಟ್ಟಿಗೆಗಳಲ್ಲೂ ನ್ಯೂಟ್ರಲ್ ಇರಬೇಕೆಂದು ಹೇಳತೊಡಗಿತು. ಅದಕ್ಕೂ ಹಿಂದಿನ ಅಲ್ಲಿನ ಮನೆಗಳಲ್ಲಿ ಇದು ದೊಡ್ಡ ತಲೆನೋವು. ನಮ್ಮಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ, ಅದಕ್ಕೆ ಕಾರಣ ನಮ್ಮ ಒಂದು ಹಳೆಯ ರೂಢಿ: ಸ್ವಿಚ್ಚುಗಳ ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಕೂರಿಸುವುದು. ಇಸ್ತ್ರಿಪೆಟ್ಟಿಗೆಗೋ ರೇಡಿಯೋಗೋ ಎಂದು ಅಂದು ಹಾಕಿದ ಆ ಸಾಕೆಟ್ಟಿಗೆ ನ್ಯೂಟ್ರಲ್ ಇಲ್ಲದೆ ಗತಿಯಿಲ್ಲ. ಆದ್ದರಿಂದ ನಿಮ್ಮ ಬೋರ್ಡಿನಲ್ಲಿ ಕೆಲಸ ಮಾಡುವ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲಿಗೆ ಬಂದಿದೆ ಎಂದೇ ಲೆಕ್ಕ. ಹಳೆಯ ಮರದ ಬೋರ್ಡಿನ ಹಿಂದೆ ಜಾಗವೂ ಧಾರಾಳ. ಬೆಂಕಿಪೊಟ್ಟಣದಷ್ಟಿರುವ ಸ್ಮಾರ್ಟ್ ಮಾಡ್ಯೂಲನ್ನು ಹಿಂದೆ ಅಡಗಿಸಿ, ಹಳೆಯ ಸ್ವಿಚ್ಚನ್ನು ಅದರ ಗುಂಡಿಯಂತೆ ಬಳಸಿಕೊಳ್ಳಬಹುದು. ಈ ವಿಷಯದಲ್ಲಿ ಇಕ್ಕಟ್ಟಿನ ಹೊಸ ಬೋರ್ಡುಗಳಿಗಿಂತ ಹಳೆಯವೇ ಮೇಲು.

ತೊಂದರೆ ಬರುವುದು ಸಾಕೆಟ್ ಇಲ್ಲದ ಬೋರ್ಡುಗಳಲ್ಲಿ: ಬಚ್ಚಲುಮನೆಯ ಹೊರಗಿನ ಒಂಟಿ ಸ್ವಿಚ್, ಗೇಟಿನ ದೀಪದ ಸ್ವಿಚ್, ಮೆಟ್ಟಿಲಿನ ಕೆಳಗೊಂದು ಮೇಲೊಂದು ಇರುವ ಟೂ-ವೇ ಸ್ವಿಚ್. ಇಂಥ ಕಡೆ ಬೋರ್ಡು ಬಿಚ್ಚಿದರೆ ಕಾಣುವುದು ಎರಡೋ ಮೂರೋ ವೈರು, ಅವೂ ಒಂದೇ ಬಣ್ಣದವು. ನ್ಯೂಟ್ರಲ್ ಕಪ್ಪು ಬಣ್ಣದ್ದಿರಬೇಕೆಂಬುದು ನಿಯಮ; ಕೈಯಲ್ಲಿ ಯಾವ ಸುರುಳಿ ಉಳಿದಿತ್ತೋ ಅದನ್ನೇ ಎಳೆದದ್ದು ಅಂದಿನ ವಾಡಿಕೆ.

ಇಲ್ಲಿಯೇ ಬಹಳ ಜನ ಬೀಳುವ ಒಂದು ಹಳ್ಳವಿದೆ. ಗೇಟಿನ ದೀಪದ ಬೋರ್ಡನ್ನೇ ತೆಗೆದುಕೊಳ್ಳಿ. ಸ್ವಿಚ್ ಆಫ್ ಮಾಡಿ ಟೆಸ್ಟರ್ ಇಟ್ಟರೆ ಒಂದು ವೈರಿನಲ್ಲಿ ಅದು ಉರಿಯುತ್ತದೆ, ಇನ್ನೊಂದರಲ್ಲಿ ಉರಿಯುವುದಿಲ್ಲ. ಉರಿದದ್ದು ಫೇಸ್, ಉರಿಯದ್ದು ನ್ಯೂಟ್ರಲ್ ಎಂದುಕೊಂಡು ಮಾಡ್ಯೂಲನ್ನು ಇವೆರಡರ ನಡುವೆ ಜೋಡಿಸುತ್ತಾರೆ. ಆದರೆ ಉರಿಯದ ಆ ವೈರು ನ್ಯೂಟ್ರಲ್ ಅಲ್ಲ, ಬಲ್ಬಿಗೆ ಹೋಗುವ ವೈರು. ಬಲ್ಬಿನ ಮೂಲಕ ಅದು ನ್ಯೂಟ್ರಲಿಗೆ ತಾಗಿಕೊಂಡಿರುವುದರಿಂದ ಟೆಸ್ಟರ್ ಮೋಸಹೋಗುತ್ತದೆ. ಆ ಹೋಲ್ಡರಿನಲ್ಲಿ ಹಳೆಯ 60 ವ್ಯಾಟಿನ ತಂತಿ ಬಲ್ಬಿದ್ದರೆ ಮಾಡ್ಯೂಲ್ ಚೆನ್ನಾಗಿಯೇ ಎದ್ದು ಕೂರುತ್ತದೆ, ವೈಫೈಯನ್ನೂ ಹಿಡಿಯುತ್ತದೆ. ಆನ್ ಎಂದ ಕೂಡಲೇ ಬಣ್ಣ ಬಯಲಾಗುತ್ತದೆ. ರಿಲೇ ಕೂಡಿದೊಡನೆ ಬಲ್ಬಿನ ವೈರಿಗೂ ಫೇಸ್ ಬರುತ್ತದೆ. ಮಾಡ್ಯೂಲಿನ ಎರಡೂ ತುದಿ ಒಂದೇ ಮಟ್ಟಕ್ಕೆ ಬಂದು ಅದಕ್ಕೆ ಸಿಗುವ ವೋಲ್ಟೇಜ್ ಸೊನ್ನೆಯಾಗುತ್ತದೆ. ಮಾಡ್ಯೂಲ್ ಸಾಯುತ್ತದೆ, ರಿಲೇ ಬಿಡುತ್ತದೆ, ಬಿಟ್ಟೊಡನೆ ಮತ್ತೆ ಕರೆಂಟು ಬಂದು ಮಾಡ್ಯೂಲ್ ಏಳುತ್ತದೆ. ಬೋರ್ಡಿನೊಳಗಿಂದ ಟಿಕ್, ಟಿಕ್ ಎಂಬ ಸದ್ದು, ದೀಪ ಒಮ್ಮೆ ಹೊತ್ತಿ ಒಮ್ಮೆ ಆರುವುದು ಕಂಡರೆ ಮಾಡ್ಯೂಲ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮುನ್ನ ಈ ಜೋಡಣೆಯನ್ನು ನೋಡಬೇಕು.

ಪತ್ತೆಹಚ್ಚಲು ಸುಲಭದ ಉಪಾಯವಿದೆ: ಬಲ್ಬನ್ನು ಹೋಲ್ಡರಿನಿಂದ ಕಳಚಿಬಿಡುವುದು. ಆಮೇಲೆ ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಟೆಸ್ಟ್ ಲ್ಯಾಂಪನ್ನು, ಅಂದರೆ ಹೋಲ್ಡರಿಗೆ ಎರಡು ವೈರು ಕಟ್ಟಿದ ಮಾಮೂಲಿ ಬಲ್ಬನ್ನು, ಫೇಸಿಗೂ ಅನುಮಾನದ ವೈರಿಗೂ ಹಿಡಿಯಬೇಕು. ನಿಜವಾದ ನ್ಯೂಟ್ರಲ್ ಆದರೆ ಲ್ಯಾಂಪ್ ಪೂರ್ತಿ ಬೆಳಗುತ್ತದೆ. ಬಲ್ಬಿಗೆ ಹೋಗುವ ವೈರಾದರೆ ದಾರಿ ತುಂಡಾಗಿರುವುದರಿಂದ ಬೆಳಗುವುದೇ ಇಲ್ಲ. ಮಲ್ಟಿಮೀಟರ್ ಇಲ್ಲಿ ಸ್ವಲ್ಪ ಕಣ್ಣುಕಟ್ಟು ಮಾಡಬಹುದು. ಎಲ್ಲಿಗೂ ಸೇರದ ವೈರು ಕೂಡ ಪಕ್ಕದ ವೈರುಗಳ ಪ್ರಭಾವದಿಂದ ಹತ್ತಾರು ವೋಲ್ಟ್ ತೋರಿಸುವುದುಂಟು. ಈ ಪರೀಕ್ಷೆ ಜೀವಂತ ಕರೆಂಟಿನಲ್ಲೇ ನಡೆಯಬೇಕಾದ್ದರಿಂದ ಅಭ್ಯಾಸವಿಲ್ಲದವರು ಕೈ ಹಾಕುವಂಥದ್ದಲ್ಲ.

ಲ್ಯಾಂಪ್ ಬೆಳಗಿತೆಂದ ಮಾತ್ರಕ್ಕೂ ಮುಗಿಯಲಿಲ್ಲ. ಅರ್ತಿಂಗ್ ವೈರಿಗೆ ಹಿಡಿದರೂ ಅದು ಬೆಳಗಬಹುದು. 'ನ್ಯೂಟ್ರಲ್ ಇಲ್ಲ ಅಂದ್ರೆ ಅರ್ತಿಂಗಿಗೆ ಕೊಡಿ ಸಾರ್, ನಡೀತದೆ' ಎನ್ನುವವರಿದ್ದಾರೆ. ನಡೆಯುತ್ತದೆ ನಿಜ, ಆದರೆ ಒಂದೊಂದು ಮಾಡ್ಯೂಲೂ ಕೆಲವು ಮಿಲಿಆಂಪಿಯರ್ ಕರೆಂಟನ್ನು ಸದಾ ಅರ್ತಿಂಗಿಗೆ ಸುರಿಯುತ್ತಿರುತ್ತದೆ. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಮನೆಗೆ ಹಾಕಿಸಿದ್ದರೆ ಇಂಥ ನಾಲ್ಕಾರು ಸೋರಿಕೆ ಸೇರಿ ಅದು ಕಾರಣವಿಲ್ಲದೆ ಬಿದ್ದಂತೆ ತೋರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಎಲ್ಲೋ ಅರ್ತಿಂಗ್ ವೈರು ತುಂಡಾದ ದಿನ ಫೇಸ್ ಈ ಮಾಡ್ಯೂಲಿನ ಮೂಲಕ ಹಾದು ಫ್ರಿಜ್ಜಿನ ಮೈಗೆ ಬರುತ್ತದೆ. ಇದನ್ನು ಯಾರು ಹೇಳಿದರೂ ಮಾಡಬೇಡಿ.

ಹಾಗಾದರೆ 'ನ್ಯೂಟ್ರಲ್ ಬೇಡ' ಎಂದು ಮಾರುವ ಸ್ವಿಚ್ಚುಗಳ ಗುಟ್ಟೇನು? ಮೇಲೆ ಹೇಳಿದ ತಪ್ಪು ಜೋಡಣೆಯನ್ನೇ ಅವು ಜಾಣತನದಿಂದ ಮಾಡುತ್ತವೆ. ದೀಪ ಆರಿದ್ದಾಗ ತಮ್ಮ ಖರ್ಚಿನ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ. ದೀಪ ಉರಿಯುವಾಗ ಪ್ರತಿ ಅಲೆಯಲ್ಲೂ ಒಂದು ಕ್ಷಣದ ಚೂರನ್ನು ಬಲ್ಬಿಗೆ ಬಿಡದೆ ತಮಗೆ ಉಳಿಸಿಕೊಳ್ಳುತ್ತವೆ. ತಂತಿ ಬಲ್ಬಿನ ಕಾಲದಲ್ಲಿ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸುಮಾರು 5 ಮಿಲಿಆಂಪಿಯರ್ ಹರಿದರೆ ತಣ್ಣಗಿನ ಫಿಲಮೆಂಟು ಬೆಚ್ಚಗೂ ಆಗುವುದಿಲ್ಲ. ಎಲ್‌ಇಡಿ ಬಲ್ಬಿನ ಸ್ವಭಾವ ಬೇರೆ. ಅದರೊಳಗಿನ ಕೆಪಾಸಿಟರ್ ಆ ಸಣ್ಣ ಸೋರಿಕೆಯನ್ನು ಕೂಡಿಟ್ಟುಕೊಳ್ಳುತ್ತದೆ, ಸಾಕಷ್ಟಾದಾಗ ಬಲ್ಬು ಫಕ್ಕನೆ ಮಿನುಗಿ ಆರುತ್ತದೆ, ಮತ್ತೆ ಕೂಡಿಡುತ್ತದೆ. ರಾತ್ರಿ ಆರಿಸಿದ ದೀಪ ಕೆಲವು ಸೆಕೆಂಡಿಗೊಮ್ಮೆ ಮಿಂಚುವುದು ಅಥವಾ ಮಂದವಾಗಿ ಹೊಳೆಯುತ್ತಲೇ ಇರುವುದು ಇದರಿಂದಲೇ. ಇಂಥ ಸ್ವಿಚ್ಚುಗಳ ಜೊತೆ ಎಷ್ಟೋ ಸಲ ಒಂದು ಪುಟ್ಟ ಕೆಪಾಸಿಟರ್ ಡಬ್ಬಿ ಬರುತ್ತದೆ. ಅದನ್ನು ಹಾಕಬೇಕಾದದ್ದು ಬೋರ್ಡಿನಲ್ಲಲ್ಲ, ಬಲ್ಬಿನ ಎರಡು ತುದಿಗಳ ನಡುವೆ, ಹೋಲ್ಡರಿನ ಹಿಂದೆ. ಆಗ ಸೋರಿಕೆಗೆ ಬಲ್ಬಿನ ಹೊರಗೊಂದು ದಾರಿ ಸಿಗುತ್ತದೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ನಮ್ಮ 230 ವೋಲ್ಟ್, 50 ಹರ್ಟ್ಸಿನಲ್ಲಿ ಸುಮಾರು 7 ಮಿಲಿಆಂಪಿಯರನ್ನು ಹರಿಯಬಿಡುತ್ತದೆ, ಸ್ವಿಚ್ಚಿನ ರೇಡಿಯೋ ಬದುಕಲು ಹೆಚ್ಚುಕಡಿಮೆ ಅಷ್ಟು ಸಾಕು. ಹೋಲ್ಡರಿನಲ್ಲಿರುವುದು 3 ವ್ಯಾಟಿನ ರಾತ್ರಿದೀಪವೊಂದೇ ಆದರೆ ಈ ಬಗೆಯ ಸ್ವಿಚ್ಚನ್ನು ಕೊಳ್ಳದಿರುವುದೇ ವಾಸಿ.

ಸ್ಮಾರ್ಟ್ ಬಲ್ಬಿಗೆ ಈ ಯಾವ ರಗಳೆಯೂ ಇಲ್ಲ, ಏಕೆಂದರೆ ಹೋಲ್ಡರಿಗೆ ಎರಡೂ ವೈರು ಬಂದೇ ಇರುತ್ತವೆ. ಅದರ ಶತ್ರು ಗೋಡೆಯ ಹಳೆಯ ಸ್ವಿಚ್. ಮನೆಯ ಹಿರಿಯರು ಅಭ್ಯಾಸಬಲದಿಂದ ಅದನ್ನು ಆರಿಸಿದರೆ ಬಲ್ಬಿನ ರೇಡಿಯೋ ಕೂಡ ಸತ್ತಿತು, ಆಮೇಲೆ ಫೋನಿನಲ್ಲಿ ಎಷ್ಟು ಒತ್ತಿದರೂ ಅಷ್ಟೇ. ಜೊತೆಗೆ, ಮಧ್ಯರಾತ್ರಿ ಕರೆಂಟು ಹೋಗಿ ಬಂದಾಗ ಅನೇಕ ಬಲ್ಬುಗಳು ತಾವಾಗಿಯೇ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಹಲವು ಆ್ಯಪ್‌ಗಳಲ್ಲಿ 'ಕರೆಂಟು ಬಂದಾಗ ಹಿಂದಿನ ಸ್ಥಿತಿ' ಎಂಬರ್ಥದ ಆಯ್ಕೆ ಇರುತ್ತದೆ, ಕೊಳ್ಳುವ ಮುನ್ನ ಅದನ್ನು ವಿಚಾರಿಸುವುದು ಒಳ್ಳೆಯದು.

ಮೆಟ್ಟಿಲಿನ ದೀಪಕ್ಕೆ ಮಾತ್ರ ನಾನು ಸೂಚಿಸುವುದು ಬೇರೆ ದಾರಿ. ಬೋರ್ಡಿಗೆ ನ್ಯೂಟ್ರಲ್ ಎಳೆಯಲು ಗೋಡೆ ಕೊರೆಯುವ ಬದಲು ಮಾಡ್ಯೂಲನ್ನೇ ದೀಪದ ಬಳಿಗೆ, ಸೀಲಿಂಗಿನ ಪೆಟ್ಟಿಗೆಗೆ ಕೊಂಡೊಯ್ಯಬಹುದು. ನ್ಯೂಟ್ರಲ್ ಅಲ್ಲಿ ಹೇಗೂ ಇದೆ. ಮೆಟ್ಟಿಲಿನ ಎರಡೂ ಬೋರ್ಡುಗಳಲ್ಲಿ ಸ್ವಿಚ್ಚನ್ನು ಬಿಟ್ಟು ವೈರುಗಳನ್ನು ನೇರವಾಗಿ ಕೂಡಿಸಿದರೆ ಫೇಸ್ ಸದಾ ಮೇಲಿರುತ್ತದೆ. ಸ್ವಿಚ್ಚುಗಳಿದ್ದ ಜಾಗದಲ್ಲಿ ಬ್ಯಾಟರಿಯ ವೈರ್‌ಲೆಸ್ ಗುಂಡಿಗಳನ್ನು ಅಂಟಿಸಿದರಾಯಿತು. ಹೀಗೆ ಮಾಡಿದ ಮೇಲೆ ಎರಡೂ ಬೋರ್ಡುಗಳ ಒಳಗೆ 'ಇಲ್ಲಿ ಸದಾ ಫೇಸ್ ಇದೆ' ಎಂದು ಬರೆದು ಅಂಟಿಸಿ. ಮುಂದೆ ಬಲ್ಬು ಬದಲಿಸುವವರು ಗುಂಡಿ ಒತ್ತಿ ದೀಪ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಬೇಕಾಗುತ್ತದೆ.