ಇಂಗ್ಲಿಷ್‌ನ ಟ, ಡ: ನಾಲಿಗೆಯನ್ನು ‘ಹಾಳು’ ಜಾಗದಿಂದ ‘ಹಾಲು’ ಜಾಗಕ್ಕೆ ತರುವುದು

ಮೊದಲು ‘ಹಾಲು’ ಎಂದು ಹೇಳಿ. ಆಮೇಲೆ ‘ಹಾಳು’ ಎಂದು ಹೇಳಿ. ಎರಡು ಸಲ ನಿಧಾನವಾಗಿ ಹೇಳಿ, ನಾಲಿಗೆಯ ತುದಿ ಎಲ್ಲಿ ಮುಟ್ಟುತ್ತದೆ ಎಂದು ಗಮನಿಸಿ. ‘ಹಾಲು’ ಎನ್ನುವಾಗ ಮೇಲಿನ ಹಲ್ಲುಗಳ ಹಿಂದಿರುವ ವಸಡಿನ ಉಬ್ಬಿಗೆ ತಾಗುತ್ತದೆ. ‘ಹಾಳು’ ಎನ್ನುವಾಗ ತುದಿ ಹಿಂದಕ್ಕೆ ಮಡಿಚಿಕೊಂಡು, ಆ ಉಬ್ಬು ದಾಟಿ, ಅಂಗುಳಿಗೆ ತಾಗುತ್ತದೆ. ಇಂಗ್ಲಿಷ್‌ನವರ ಟ, ಡ ಹುಟ್ಟುವುದು ಹಾಲಿನ ಜಾಗದಲ್ಲಿ. ನಾವು ಅದನ್ನು ಹೇಳುವುದು ಹಾಳಿನ ಜಾಗದಲ್ಲಿ. ಈ ಟಿಪ್ಪಣಿ ಇಷ್ಟರ ಬಗ್ಗೆಯೇ.

ನಮಗೆ ಹೀಗಾಗಲು ಕಾರಣ ಸರಳ. ಕನ್ನಡದಲ್ಲಿ ಈ ಜಾತಿಯ ಸದ್ದಿಗೆ ಎರಡೇ ಡಬ್ಬಿ: ಹಲ್ಲಿಗೆ ತಾಗುವ ತ-ದ, ನಾಲಿಗೆ ಮಡಿಚುವ ಟ-ಡ. ನಡುವಿನ ಜಾಗದಲ್ಲಿ ನಮಗೆ ಲ ಇದೆ, ನ ಇದೆ, ಆದರೆ ಅಲ್ಲಿ ಗಾಳಿಯನ್ನು ಪೂರ್ತಿ ತಡೆದು ಬಿಡುವ ಅಕ್ಷರವಿಲ್ಲ. ಹಾಗಾಗಿ ಇಂಗ್ಲಿಷ್ ಸದ್ದು ಕೇಳಿದಾಗ ಕಿವಿ ಅದನ್ನು ಹಿಂದಿನ ಡಬ್ಬಿಗೆ ಹಾಕಿತು. ಡಾಕ್ಟರ್, ಟಿಕೆಟ್ ಎಲ್ಲ ಹಾಗೆ ಬಂದವು. ಪೋರ್ಚುಗೀಸರಿಂದ ಬಂದ ‘ಪಾದ್ರಿ’ ಮಾತ್ರ ದ ಹಿಡಿಯಿತು, ಯಾಕೆಂದರೆ ಅವರ ಸದ್ದು ನಿಜವಾಗಿ ಹಲ್ಲಿನದು. ಮಲಯಾಳಿಗಳಿಗೆ ಮೂರು ಡಬ್ಬಿಯೂ ಇದೆ. ಅವರ ‘ಗಾಳಿ’ಗೂ ‘ಕಾಡಿನ’ ಎನ್ನುವ ಮಾತಿಗೂ ನಾವು ಒಂದೇ ರೀತಿ ‘ಕಾಟ್ಟ್’ ಎಂದು ಬರೆದುಬಿಡುತ್ತೇವೆ. ಅವರಲ್ಲಿ ಮೊದಲನೆಯದು ಉಬ್ಬಿನ ಮೇಲೆ, ಎರಡನೆಯದು ಮಡಿಚಿದ ನಾಲಿಗೆಯಿಂದ. ಮಲಯಾಳಿ ಗೆಳೆಯರಿದ್ದರೆ ಎರಡನ್ನೂ ಹೇಳಿಸಿ ಕೇಳಿ. ನಾನು ಕೇಳಿದಾಗ ಮೊದಲ ಹತ್ತು ಸಲ ವ್ಯತ್ಯಾಸವೇ ತಿಳಿಯಲಿಲ್ಲ.

ಈಗ ನಾನು ಮಾಡಿದ ತಪ್ಪು. ಒಂದು ತರಬೇತಿಯಲ್ಲಿ ‘ನಾಲಿಗೆಯನ್ನು ಹಲ್ಲಿನ ಹಿಂದೆ ಇಡಿ’ ಎಂದರು. ನಾನು ಶ್ರದ್ಧೆಯಿಂದ ಹಲ್ಲಿಗೇ ಇಟ್ಟೆ. ಎರಡು ವಾರ ‘ಡೇ’ ಎನ್ನುವಲ್ಲೆಲ್ಲ ‘ದೇ’ ಎಂದೆ. ದಿನ ಎಂದು ನಾನು ಹೇಳುವುದು, ಅವರು ಎಂದು ಎದುರಿನವರಿಗೆ ಕೇಳುವುದು! ಇಂಗ್ಲಿಷ್ ಕಿವಿಗೆ ನಮ್ಮ ದ ಎಂದರೆ ‘ದಿಸ್, ದೇ’ಗಳ ಮೊದಲ ಸದ್ದು. ಮಡಿಚಿದ ಡ ಹೇಳಿದ್ದರೆ ಬೇರೆ ಊರಿನವರ ಇಂಗ್ಲಿಷ್ ಎಂದು ಅನ್ನಿಸುತ್ತಿತ್ತೇ ಹೊರತು ಪದ ಬದಲಾಗುತ್ತಿರಲಿಲ್ಲ. ಅಂದರೆ ಮುಂದಕ್ಕೆ ಜಾಸ್ತಿ ಬಂದರೆ ಹಿಂದೆ ಉಳಿದದ್ದಕ್ಕಿಂತ ಹೆಚ್ಚು ನಷ್ಟ. ಹಲ್ಲು ಅಲ್ಲ, ಉಬ್ಬು.

ಆ ಜಾಗ ಹಿಡಿಯಲು ನನಗೆ ಸಿಕ್ಕ ಒಳ್ಳೆ ದಾರಿ ಲ್ ಮೂಲಕ ಹೋಗುವುದು. ‘ಓಲ್ಡ್’ ಪದವನ್ನೇ ತೆಗೆದುಕೊಳ್ಳಿ. ‘ಓಲ್…’ ಎಂದು ಹೇಳಿ ಅಲ್ಲೇ ನಿಲ್ಲಿಸಿ, ಲ್ ಎಳೆಯುತ್ತಾ ಇರಿ. ತುದಿ ಉಬ್ಬಿಗೆ ಒತ್ತಿಕೊಂಡಿದೆ, ಗಾಳಿ ನಾಲಿಗೆಯ ಅಕ್ಕಪಕ್ಕದಿಂದ ಹೋಗುತ್ತಿದೆ. ಈಗ ತುದಿಯನ್ನು ಕದಲಿಸದೆ ನಾಲಿಗೆಯ ಎರಡು ಅಂಚುಗಳನ್ನು ಮಾತ್ರ ಮೇಲೆತ್ತಿ, ಮೇಲಿನ ಪಕ್ಕದ ಹಲ್ಲುಗಳಿಗೆ ಒತ್ತಿ. ಗಾಳಿಯ ದಾರಿ ಮುಚ್ಚಿತು, ಸದ್ದು ನಿಂತಿತು. ಅದೇ ಇಂಗ್ಲಿಷ್ ಡ್. ತುದಿಯನ್ನು ಬಿಟ್ಟರೆ ಪದ ಮುಗಿಯಿತು.

ಒಂದೇ ತೊಂದರೆ: ಮನಸ್ಸಿನಲ್ಲಿ ‘ಡ’ ಎಂದುಕೊಂಡ ತಕ್ಷಣ ನಾಲಿಗೆ ಹಿಂದಕ್ಕೆ ಓಡುತ್ತದೆ. ಹಳೇ ಅಭ್ಯಾಸ, ಅಲ್ವಾ. ಹಾಗಾಗಿ ಮೊದಲ ಕೆಲವು ದಿನ ಅದನ್ನು ಡ ಎಂದುಕೊಳ್ಳಬೇಡಿ, ‘ಮುಚ್ಚಿದ ಲ’ ಎಂದುಕೊಳ್ಳಿ. ‘ಕೋಲ್ಡ್’, ‘ಹೆಲ್ಡ್’ ಸರಿಯಾದ ಮೇಲೆ ಲ್ ಬಿಟ್ಟು ‘ಬೆಡ್’ಗೆ ಬನ್ನಿ.

‘ಸೆಂಟರ್’, ‘ವಾಂಟ್’ ಥರದ ಪದಗಳಲ್ಲಿ ಬೇರೆ ಗುಂಡಿ ಇದೆ. ನಮ್ಮ ಸೊನ್ನೆ ಮುಂದಿನ ಅಕ್ಷರದ ಜಾಗಕ್ಕೆ ತಾನೇ ಜಾರುತ್ತದೆ. ‘ಗಂಟೆ’ಯಲ್ಲಿ ಅದು ಣ್, ‘ದಂತ’ದಲ್ಲಿ ನ್. ನಾವು ‘ಸೆಂಟರ್’ ಎನ್ನುವಾಗ ನಿಜವಾಗಿ ‘ಸೆಣ್ಟರ್’ ಎನ್ನುತ್ತೇವೆ. ಟ ಒಂದನ್ನೇ ತಿದ್ದಲು ಹೋದರೆ ಆಗುವುದಿಲ್ಲ, ಯಾಕೆಂದರೆ ನಾಲಿಗೆ ಆಗಲೇ ಮಡಿಚಿ ಕುಳಿತಿರುತ್ತದೆ. ಮೊದಲು ‘ಸೆನ್’ ಎಂದು ನಿಲ್ಲಿಸಿ. ‘ಆನೆ’ಯ ನ್ ಇದ್ದ ಹಾಗೆ ಇರಲಿ. ಅದೇ ಜಾಗದಲ್ಲಿ ಟ್ ಬಿಡಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಪರೀಕ್ಷೆ ಕಣ್ಣಿಗೆ. ಧ್ವನಿವಿಜ್ಞಾನದವರು ನಾಲಿಗೆಗೆ ಇದ್ದಿಲ ಪುಡಿ ಮತ್ತು ಎಣ್ಣೆ ಹಚ್ಚಿ, ಒಂದು ಪದ ಹೇಳಿಸಿ, ಅಂಗುಳಿಗೆ ಎಲ್ಲಿ ಮೆತ್ತಿದೆ ಎಂದು ನೋಡುತ್ತಾರೆ. ಮನೆಯಲ್ಲಿ ಕೋಕೋ ಪುಡಿಗೆ ಎರಡು ಹನಿ ಎಣ್ಣೆ ಸಾಕು. ನಾಲಿಗೆಯ ತುದಿಗೆ ಹಚ್ಚಿ, ಒಂದೇ ಸಲ ‘ಆಡ್’ ಎಂದು ಹೇಳಿ, ಬಾಯಿ ತೆರೆದೇ ಇಟ್ಟು ಚಿಕ್ಕ ಕನ್ನಡಿ ಮತ್ತು ಮೊಬೈಲ್ ಟಾರ್ಚ್ ಹಿಡಿಯಿರಿ. ಬಣ್ಣ ಹಲ್ಲಿನ ಮೇಲಿದ್ದರೆ ಅದು ದ. ಉಬ್ಬಿನ ಮೇಲೆ ಇದ್ದರೆ ಸರಿ. ಉಬ್ಬಿನ ಹಿಂದೆ ಇದ್ದರೆ ಹಳೇ ಡ. ನುಂಗಿದರೆ ಗುರುತು ಹೋಗುತ್ತದೆ, ಮತ್ತೆ ಮೊದಲಿನಿಂದ. ಮನೆಯವರು ನೋಡದ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ಕಿವಿಗೆ. ಇದರಲ್ಲಿ ನನಗೆ ಹೊಸದಾಗಿ ಗೊತ್ತಾದ ಸಂಗತಿ ಇದೆ. ಮಡಿಚಿದ ಸದ್ದಿನ ಗುಟ್ಟು ಆ ಸದ್ದಿಗಿಂತ ಅದರ ಹಿಂದಿನ ಸ್ವರದಲ್ಲಿ ಜಾಸ್ತಿ ಸಿಗುತ್ತದೆ. ನಾಲಿಗೆ ಮಡಿಚಲು ಹೊರಟಾಗಲೇ ಸ್ವರದ ಬಣ್ಣ ಬದಲಾಗುತ್ತದೆ, ಕೊನೆಯಲ್ಲಿ ಸ್ವಲ್ಪ ರ ಬೆರೆತ ಹಾಗೆ. ಗಾಳಿ ತಡೆದಿರುವಾಗ ತುದಿ ಮುಂದಕ್ಕೆ ಜಾರುವುದರಿಂದ, ಬಿಡುವ ಹೊತ್ತಿಗೆ ವ್ಯತ್ಯಾಸ ಕಡಿಮೆಯಾಗಿರುತ್ತದೆ. ಆದ್ದರಿಂದ ‘ಟೆನ್’ನಲ್ಲಿ ನಿಮ್ಮ ತಪ್ಪು ಅಷ್ಟಾಗಿ ಕೇಳದು, ‘ಬೆಡ್’, ‘ಲೇಟ್’, ‘ಲ್ಯಾಡರ್’ನಲ್ಲಿ ಚೆನ್ನಾಗಿ ಕೇಳುತ್ತದೆ. ಅಭ್ಯಾಸದ ಸಮಯವನ್ನು ಪದದ ನಡುವೆ, ಕೊನೆಯಲ್ಲಿ ಬರುವ ಟ-ಡಗಳಿಗೆ ಕೊಡಿ.

Praat ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ‘ಬೆಡ್’ ಅನ್ನು ಎರಡು ರೀತಿ ರೆಕಾರ್ಡ್ ಮಾಡಿ. ಸ್ವರದ ಚಿತ್ರದಲ್ಲಿ ಕೆಳಗಿನಿಂದ ಮೂರನೆಯ ಪಟ್ಟಿ ನೋಡಿ. ಗಂಡಸರ ದನಿಯಲ್ಲಿ ಅದು ಸುಮಾರು 2500 ಹರ್ಟ್ಸ್ ಹತ್ತಿರ ಇರುತ್ತದೆ, ಹೆಂಗಸರಲ್ಲಿ ಇನ್ನೂ ಮೇಲೆ. ಸದ್ದು ನಿಲ್ಲುವ ಮೊದಲು ಆ ಪಟ್ಟಿ ಎರಡನೆಯದರ ಕಡೆಗೆ ಬಾಗಿದರೆ ನಾಲಿಗೆ ಮಡಿಚಿದೆ ಎಂದರ್ಥ. ಹೆಚ್ಚುಕಡಿಮೆ ನೇರವಾಗಿ ಹೋದರೆ ಉಬ್ಬಿಗೆ ಬಂದಿದ್ದೀರಿ.

ಪದದ ಮೊದಲಲ್ಲಿ ಬರುವ ಟಗೆ ಜಾಗದ ಜೊತೆ ಉಸಿರೂ ಬೇಕು. ‘ಟೂ’ ಎಂದಾಗ ಬಾಯಿ ಮುಂದೆ ಹಿಡಿದ ತೆಳು ಕಾಗದ ಹಾರಬೇಕು. ಹಾರದಿದ್ದರೆ ಅದು ‘ಡೂ’ ಎಂದು ಕೇಳುವ ಸಾಧ್ಯತೆ ಇದೆ. ‘ಸ್ಟಾಪ್’ನಲ್ಲಿ ಸ್ ಮುಂದೆ ಇರುವುದರಿಂದ ಕಾಗದ ಅಲುಗಬಾರದು. ಅಮೆರಿಕದವರ ‘ವಾಟರ್’, ‘ಸಿಟಿ’ ಕಲಿಯುವವರಿಗೆ ಮಾತ್ರ ಇದ್ಯಾವುದೂ ಬೇಡ. ನಡುವಿನ ಆ ಟ ನಮ್ಮ ‘ಮರ’ದ ರ ಇದ್ದ ಹಾಗೆಯೇ, ಒಂದೇ ಬಡಿತ.

ಇಡೀ ವಾಕ್ಯಕ್ಕೆ ನಾನು ಇಟ್ಟುಕೊಂಡಿರುವುದು ‘ಟೆಲ್ ಡ್ಯಾಡ್ ಇಟ್ಸ್ ನಾಟ್ ಲೇಟ್’. ಟೆಲ್‌ನ ಲ್ ಮುಂದಿನ ಡ್‌ಗೆ ಜಾಗ ತೋರಿಸುತ್ತದೆ, ಇಟ್ಸ್‌ನ ಸ್ ಕೂಡ ಉಬ್ಬಿನ ಹತ್ತಿರವೇ. ನಾನು ಜಾರುತ್ತಿದ್ದದ್ದು ಪ್ರತಿ ಸಲ ಕೊನೆಯ ‘ಲೇಟ್’ನಲ್ಲಿ. ನಮ್ಮ ಮಾತಿನಲ್ಲಿ ದಿನಕ್ಕೆ ನಾಲ್ಕು ಸಲ ‘ಲೇಟಾಯ್ತು’ ಎನ್ನುತ್ತೇವಲ್ಲ, ಆ ಟ ಬಂದು ಕೂರುತ್ತದೆ. ಅಲ್ಲಿ ಅದು ಹಾಗೇ ಇರಲಿ. ‘ಎರಡು ಟಿಕೆಟ್ ಕೊಡಿ’ ಎಂದು ಕಂಡಕ್ಟರಿಗೆ ಉಬ್ಬಿನ ಟ ಹಾಕಿ ಹೇಳಿದ ದಿನ, ಅವರು ನನ್ನ ಮುಖ ನೋಡಿ ಇಂಗ್ಲಿಷಿನಲ್ಲೇ ‘ವೇರ್?’ ಎಂದು ಕೇಳಿದರು.